ಹಣತೆಗಳ ರಸೀದಿ

ಮಾರ್ಚ್ ಹದಿನೈದಕ್ಕೆ ಎರಡೇ ದಿನ ಉಳಿದಿದ್ದಾಗ ಬೆಳಗಾವಿಯ ತೆರಿಗೆ ಸಲಹೆಗಾರರ ಮುಂದೆ ಕುಳಿತಿದ್ದೆ. ನಾನು ಕೆಲಸ ಮಾಡುವ ಮಚ್ಛೆಯ ಕಾರ್ಖಾನೆಯವರು ಸಂಬಳದಿಂದ ತಿಂಗಳು ತಿಂಗಳು ತೆರಿಗೆ ಹಿಡಿಯುತ್ತಾರೆ. ಆನ್‌ಲೈನಿನಲ್ಲಿ ಹಣತೆ ಮಾರಿ ಬಂದ ಲಾಭಕ್ಕೂ ಅಷ್ಟೇ ಸಾಕೆಂದು ನಂಬಿದ್ದೆ.

"ಆ ಲಾಭದ್ದು ನೀವ ತುಂಬಬೇಕ್ರಿ. ಪಗಾರದಾಗ ಹಿಡದದ್ದು ಬಿಟ್ಟು ಟ್ಯಾಕ್ಸ್ ಹತ್ತು ಸಾವಿರ ದಾಟೇತಿ, ಮುಂಗಡ ಕಟ್ಟಬೇಕಿತ್ತು. ಜೂನ್, ಸೆಪ್ಟೆಂಬರ್, ಡಿಸೆಂಬರ್ ಕಂತು ತಪ್ಪ್ಯಾವು, ಬಡ್ಡಿ ಬೀಳ್ತದ. ಹದಿನೈದರೊಳಗ ಪೂರಾ ಕಟ್ರಿ," ಎಂದರು. "ಖರೀದಿ ಖರ್ಚು ಕಳೀಬೇಕಂದ್ರ ಪುರಾವೆ ತರ್ರಿ."

ಹಣತೆಗಳನ್ನು ಖಾನಾಪುರದಲ್ಲಿ ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಕುಂಬಾರ ಹೆಂಗಸಿನಿಂದ ನಗದು ಕೊಟ್ಟು ತರುತ್ತಿದ್ದೆ. ತಾರೀಖು, ಮೊತ್ತ ನನ್ನ ಡೈರಿಯಲ್ಲಿದ್ದವು. ಅವರ ಸಹಿ ಎಲ್ಲೂ ಇರಲಿಲ್ಲ. ಸಲಹೆಗಾರರು ಕೊಟ್ಟ ರಸೀದಿಯ ಹಾಳೆ ಹಿಡಿದು ಮರುದಿನ ಬಸ್ಸು ಹತ್ತಿದೆ. ಸಹಿ ಹಾಕುವುದಿಲ್ಲ ಎಂದುಬಿಟ್ಟರೆ ಏನು ಗತಿ ಎಂದು ದಾರಿಯುದ್ದಕ್ಕೂ ಡೈರಿಯ ಲೆಕ್ಕವನ್ನು ಮತ್ತೆ ಮತ್ತೆ ಕೂಡಿಸಿದೆ.

ಮಾವಶಿ ಡೈರಿಯ ಒಂದೊಂದು ಸಾಲನ್ನೂ ಓದಿಸಿ ಕೇಳಿ, ಸರಿಯಿದೆ ಎಂದು ತಲೆಯಾಡಿಸಿದರು. ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡರು.

"ಮೊದ್ಲ ಎಲ್ಲಾ ಬರಿ. ಖಾಲಿ ಕಾಗದಕ್ಕ ನಾ ಸಹಿ ಮಾಡಂಗಿಲ್ಲ."

ವರ್ಷದ ಮೊತ್ತ ಬರೆದೆ. ಅಂದಿನ ತಾರೀಖು ಬರೆದೆ. 'ಹಣ ಪಡೆದವರ ಹೆಸರು' ಎಂಬಲ್ಲಿ ಪೆನ್ನು ನಿಂತಿತು. ಹನ್ನೊಂದು ತಿಂಗಳು ಅವರ ಅಂಗಳದಲ್ಲಿ ಚಹಾ ಕುಡಿದಿದ್ದೆ, ಒಂದೊಂದು ರೂಪಾಯಿಗೂ ಚೌಕಾಶಿ ಮಾಡಿದ್ದೆ. ಹೆಸರು ಕೇಳಿರಲಿಲ್ಲ.

"ಬರಿ ಮತ್ತ," ಎಂದರು ಮಾವಶಿ, ನನ್ನನ್ನೇ ನೋಡುತ್ತ.