ಬೆಂದ ಬೇಳೆಯ ತೂಕ

ಮೂವತ್ತು ವರ್ಷ ಚಿನ್ನದಂಗಡಿಯಲ್ಲಿ ತಕ್ಕಡಿ ಹಿಡಿದವನು ನಾನು. ತೂಕದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಕೊಬ್ಬು ಇತ್ತು. ಈಗ ಇಳಿದಿದೆ.

ನನ್ನ ಹೆಂಡತಿ ಟೈಲರ್. ವಯಸ್ಸು ಐವತ್ತಾರು, ತೂಕ ಅರವತ್ತು ಕೆಜಿ. ಅವಳ ಅಮ್ಮ ಬಚ್ಚಲಲ್ಲಿ ಜಾರಿ, ಏಳಲಾಗದೆ ಮಧ್ಯಾಹ್ನದವರೆಗೂ ಒದ್ದೆ ನೆಲದಲ್ಲೇ ಕೂತಿದ್ದರು. ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಅದಾದ ಮೇಲೆ ಇವಳು ಜಿಮ್ ಸೇರಿದಳು.

"ರೀ, ಯಾರ ಕೈನೂ ಹಿಡೀದೆ ನೆಲದಿಂದ ಏಳ್ಬೇಕು. ನಂಗೆ ಬೇಕಾಗಿರೋದು ಅಷ್ಟೇ" ಎಂದಳು.

ಮನೆಯಲ್ಲಿ ಮಾಂಸವಿಲ್ಲ, ವಾರಕ್ಕೊಂದು ಮೊಟ್ಟೆ. ಕೆಜಿಗೆ ಒಂದೂಕಾಲು ಗ್ರಾಂನಂತೆ ದಿನಕ್ಕೆ ಎಪ್ಪತ್ತೈದು ಗ್ರಾಂ ಪ್ರೋಟೀನ್ ಬೇಕು ಎಂದು ಜಿಮ್‌ನ ಮೇಷ್ಟ್ರು ಹೇಳಿದರು. "ಅದು ನನಗ್ಬಿಡು" ಎಂದೆ. ಬೇಳೆ ಪೊಟ್ಟಣದ ಮೇಲೆ ನೂರು ಗ್ರಾಂಗೆ ಇಪ್ಪತ್ನಾಲ್ಕು ಎಂದಿತ್ತು. ದಿನಾ ಮುನ್ನೂರು ಗ್ರಾಂ ಬೆಂದ ಬೇಳೆಯನ್ನು ಗುಲಗಂಜಿ ತೂಕವೂ ತಪ್ಪದಂತೆ ಬಡಿಸಿದೆ. ಅಲ್ಲಿಗೇ ಎಪ್ಪತ್ತೆರಡು! ಹೊಟ್ಟೆ ಭಾರ ಎಂದಾಗ ಹಾಲು, ಮೊಸರು ಬಿಡಿಸಿದವನೂ ನಾನೇ.

ಎಂಟು ತಿಂಗಳಾಯಿತು. ಎತ್ತುವ ಭಾರ ಏರಲಿಲ್ಲ. ಸಡಿಲವಾದ ತನ್ನ ಬಟ್ಟೆಯನ್ನೇ ಎರಡು ಸಲ ಹಿಡಿದು ಹೊಲಿದುಕೊಂಡಳು. "ವಯಸ್ಸಾಯ್ತು ಬಿಡಿ" ಎಂದಾಗ ಹೆದರಿ ಆಹಾರ ತಜ್ಞೆಯ ಬಳಿ ಕರೆದೊಯ್ದೆ.

ಆಕೆ ನಾನು ದಿನಾ ತೂಕ ಬರೆದಿಟ್ಟ ಪುಸ್ತಕ ನೋಡಿ, "ಸರ್, ತೂಗಿದ್ದು ಒಣ ಬೇಳೆನಾ, ಬೆಂದಿದ್ದಾ?" ಎಂದರು.

"ಬೆಂದಿದ್ದು."

"ಪೊಟ್ಟಣದಲ್ಲಿರೋದು ಒಣ ಬೇಳೆ ಲೆಕ್ಕ. ಬೇಯೋವಾಗ ಅದು ನೀರು ಕುಡಿಯುತ್ತೆ. ಬೆಂದಿದ್ದು ನೂರು ಗ್ರಾಂನಲ್ಲಿ ಸುಮಾರು ಒಂಬತ್ತೇ ಇರೋದು."

ಇಪ್ಪತ್ತೇಳು! ಅಯ್ಯೋ ದೇವರೇ, ಬರೀ ಇಪ್ಪತ್ತೇಳು. ಅಕ್ಕಿ, ಗೋಧಿಯದ್ದು ಸೇರಿದರೂ ನಲವತ್ತೈದು ದಾಟುವುದಿಲ್ಲವಂತೆ. ಒಡವೆಯಲ್ಲಿ ಕಲ್ಲಿನ ತೂಕ ಕಳೆದೇ ಚಿನ್ನ ತೂಗುತ್ತಿದ್ದವನಿಗೆ ನೀರಿನ ತೂಕ ಕಳೆಯಬೇಕೆಂದು ಹೊಳೆಯಲಿಲ್ಲ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ಹಾಲು, ಮೊಸರು, ಪನೀರ್, ಸೋಯಾ, ದಿನಾ ಒಂದೆರಡು ಮೊಟ್ಟೆ. ಒಂದೊಂದು ಹೊತ್ತಿಗೆ ಇಪ್ಪತ್ತೈದು ಗ್ರಾಂ ಪ್ರೋಟೀನ್ ಬರುವಂತೆ ಹಂಚಿ ತಿನ್ನಲು ಹೇಳಿದರು. "ನಿಧಾನಕ್ಕೆ ಶಕ್ತಿ ಬರುತ್ತೆ. ಎಷ್ಟು, ಯಾವಾಗ ಅಂತ ಮಾತ್ರ ಹೇಳೋಕಾಗಲ್ಲ" ಎಂದರು.

ಮನೆಗೆ ಬಂದು ತಟ್ಟೆ ತುಂಬಿಸಿದೆ. ನಾಲ್ಕು ತುತ್ತಿಗೆ, "ಸೇರ್ತಿಲ್ಲ ರೀ" ಎಂದಳು. ಬೈಯಲು ಬಾಯಿಲ್ಲ, ಅವಳ ಬದಲು ನಾನು ತಿನ್ನುವಂತಿಲ್ಲ.

"ಬೈದಾದ್ರೂ ಬಿಡೇ" ಎಂದೆ.

"ನಿಮ್ಮನ್ನ ಬೈದ್ರೆ ಹೋದ ಎಂಟು ತಿಂಗಳು ವಾಪಸ್ ಬರುತ್ತಾ?" ಎಂದು ನಕ್ಕಳು.

ಆಮೇಲೆ ಹೊಲಿಗೆ ಯಂತ್ರದ ಕೆಳಗೆ ಉರುಳಿದ ಗುಂಡಿ ಹುಡುಕಲು ನೆಲಕ್ಕೆ ಕೂತಳು. ಗುಂಡಿ ಸಿಕ್ಕಿತು. ಒಂದು ಕಾಲೂರಿ ಏಳಲು ನೋಡಿದಳು, ಆಗಲಿಲ್ಲ. ಮತ್ತೆ ನೋಡಿದಳು. ನಾನು ಕೈ ಚಾಚಲಿಲ್ಲ. ಚಾಚಿದರೆ ಅವಳಿಗೆ ಸಿಟ್ಟು.

ಮೂರನೇ ಸಲಕ್ಕೆ ತಲೆ ತಗ್ಗಿಸಿಕೊಂಡೇ, "ಕೈ ಕೊಡ್ರೀ" ಎಂದಳು.