ಹೇಮಾ ಬರೆದ ಹೂವು

ಹೊಸದುರ್ಗದ ಶಬನಾಳ ಕೈಗೆ ಬಿದ್ದ ಬಾಟ್ಲಿಗೆ ಹಳೆಯ ಗುರುತು ಉಳಿಯುವುದುಂಟೆ! ಜಾಮಿನದೋ ಉಪ್ಪಿನಕಾಯಿಯದೋ, ರಾತ್ರಿಯಿಡೀ ಸೋಡಾಪುಡಿ ಬೆರೆಸಿದ ಬಿಸಿನೀರಿನಲ್ಲಿ ನೆನೆಸಿ ಬೆಳಿಗ್ಗೆ ಉಜ್ಜಿದರೆ ಚೀಟಿ, ಅಂಟು ಎಲ್ಲ ಮಾಯ. ಆಮೇಲೆ ಹೊರಮೈಗೆ ಬಣ್ಣ, ಹೊಟ್ಟೆಗೆ ಹುರಿ, ಕತ್ತಿಗೆ ತಂತಿ ಬಿಗಿದು ಎತ್ತರದ ಹಿಡಿ; ಒಳಗೊಂದು ದೀಪ ಇಟ್ಟರೆ ತೂಗುದೀಪ ಸಿದ್ಧ. ಹುರಿಯನ್ನು ಬಾಯಿಯ ಹತ್ತಿರ ಮಾತ್ರ ಸುತ್ತುತ್ತಿರಲಿಲ್ಲ. ಬೆಂಕಿಯ ಜೊತೆ ಸಲಿಗೆ ಬೇಡ ಅನ್ನುತ್ತಿದ್ದಳು.

ಒಂದು ದಿನ ಶ್ರೀರಾಂಪುರದಿಂದ ಏಕಾಂತಮ್ಮ ಬಂದಳು. ಸೆರಗಿನಲ್ಲಿ ಸುತ್ತಿ ತಂದ ಗಾಜಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದಳು. ಹೋದ ವರ್ಷ ಜ್ವರದಲ್ಲಿ ತೀರಿಕೊಂಡ ಮಗಳು ಹೇಮಾವತಿಯದು. ಕೂದಲ ಕ್ಲಿಪ್ಪು ಹಾಕಿಡುತ್ತಿದ್ದಳಂತೆ. ಮೇಲೆ ಉಗುರುಬಣ್ಣದಲ್ಲಿ ಒಂದು ಕೆಂಪು ಹೂವು ಬರೆದಿದ್ದಳು.

"ಇದರಾಗೆ ದೀಪ ಇಟ್ಟು ನೋಡ್ಬೇಕು ಅನ್ಸೈತೆ ಕಣವ್ವಾ. ಹಿಡಿಯೊಂದು ಹಾಕ್ಕೊಡು. ಹೂವು ಹಂಗೇ ಇರ್ಲಿ."

"ಆಯ್ತಕ್ಕ, ಯೋಚ್ನೆ ಮಾಡ್ಬ್ಯಾಡ್ರಿ," ಅಂದಳು ಶಬನಾ.

ಆದರೆ ಮನೆ ತುಂಬ ಮದುವೆ ಆರ್ಡರಿನ ಬಾಟ್ಲಿಗಳು. ಕೈಗೆ ಸಿಕ್ಕಿದ್ದನ್ನೆಲ್ಲ ಟಬ್ಬಿಗೆ ಹಾಕಿದಳು. ಬೆಳಿಗ್ಗೆ ಸ್ಟೀಲ್ ನಾರಿನಿಂದ ಉಜ್ಜುತ್ತಿದ್ದಾಗ ನೀರಿನ ಮೇಲೆ ಕೆಂಪು ಚಕ್ಕೆ ತೇಲಿತು. ಅಯ್ಯೋ ಅಲ್ಲಾ! ಚಕ್ಕೆಯನ್ನು ಬೆರಳಿನಿಂದ ಎತ್ತಲು ಹೋದರೆ ಅದೂ ಹರಿದುಹೋಯಿತು.

ಹೇಳಿಬಿಡಬೇಕು ಅನ್ನಿಸಿತು. ಹೇಳುವ ಬಾಯಿ ಎಲ್ಲಿಂದ ತರುವುದು? ತನ್ನ ಮಗಳ ಉಗುರುಬಣ್ಣ ತಂದು, ನೆನಪಿದ್ದಂತೆ ಐದೆಸಳ ಹೂವು ಬರೆದಳು. ತಂತಿ ಬಿಗಿದಳು, ತಳಕ್ಕೆ ಒಂದಿಷ್ಟು ಮರಳು ಹಾಕಿ ಸಣ್ಣ ಮೇಣದ ದೀಪ ಇಟ್ಟಳು. ಚೆನ್ನಾಗಿಯೇ ಕಾಣುತ್ತಿತ್ತು. ಅದಕ್ಕೇ ನೋಡಲಾಗದೆ ಗೋಡೆಯ ಕಡೆ ತಿರುಗಿಸಿಟ್ಟಳು.

ಏಕಾಂತಮ್ಮ ಬಂದಾಗ ಶಬನಾ ದೀಪ ಹಚ್ಚಿ ಮುಂದಿಟ್ಟು, "ನೋಡ್ರಕ್ಕಾ, ನಿಮ್ ಹೇಮಾ ಬರ್ದಿದ್ ಹೂವು ಹೆಂಗ್ ಹೊಳಿತೈತೆ," ಅಂದಳು. ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಫಲ!

ಏಕಾಂತಮ್ಮ ಎಸಳುಗಳ ಮೇಲೆ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು.

"ಅವ್ಳು ನಾಕೇ ಎಸಳು ಬರ್ದಿದ್ಲು. ಐದನೇದಕ್ಕೆ ಬಣ್ಣ ಸಾಲ್ಲಿಲ್ಲ. ಬೇರೆ ಶೀಶೆ ಕೊಡ್ಸು ಅಂತ ಕೇಳಿದ್ಲು. ನಾನೇ ನಾಳೆ, ನಾಡಿದ್ದು ಅಂತಿದ್ದೆ."

ಶಬನಾ ಬಿಕ್ಕಿದಳು. "ತೊಳ್ದುಬಿಟ್ಟೆ ಅಕ್ಕಾ. ಗೊತ್ತಿಲ್ದೆ ಆಗೋಯ್ತು. ತಪ್ಪಾಯ್ತು."

"ತೊಳ್ದಿದ್ದಕ್ಕೆ ಸಿಟ್ಟಿಲ್ಲವ್ವ, ಕೈ ತಪ್ಪುತ್ತೆ. ಬಂದ ತಕ್ಷಣ ಹೇಳಿದ್ರೆ ಇಬ್ರೂ ಕುಂತು ಅಳ್ತಿದ್ವಿ."

ಏಕಾಂತಮ್ಮ ದೀಪ ಆರಿಸಿ, ಗಾಜು ತಣಿಯುವವರೆಗೂ ಕುಳಿತಳು. ಆಮೇಲೆ ಡಬ್ಬಿಯನ್ನು ತಂದಾಗಿನಂತೆ ಸೆರಗಿನಲ್ಲಿ ಸುತ್ತಿಕೊಳ್ಳದೆ, ಅಂಗಡಿಯಲ್ಲಿ ಕೊಂಡ ದೀಪದ ಹಾಗೆ ತಂತಿಯ ಹಿಡಿಯಿಂದ ತೂಗಾಡಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟಳು.