ನಾಲ್ಕು ಗಂಟೆಗೆ ಕಡಿಯುವ ಲೈನು

ಕರ್... ಕರಕರ... ಕರ್. ಒಣಗಿದ ಎಲೆಗಳ ಮೇಲೆ ಬೆಕ್ಕು ಹೆಜ್ಜೆ ಎತ್ತಿಡುವಂಥ ಸದ್ದು. ಏಣಿಯ ಮೇಲೆ ನಿಂತು, ಕಂಬದ ಪೆಟ್ಟಿಗೆಯೊಳಗಿನ ತಂತಿಗೆ ಸಿಕ್ಕಿಸಿದ ರಿಸೀವರನ್ನು ಕಿವಿಗೊತ್ತಿಕೊಂಡು ಲೈನ್‌ಮನ್ ಕಣ್ಣು ಮುಚ್ಚಿದ. ಕಣ್ಣು ಮುಚ್ಚಿದರೇ ಅವನಿಗೆ ಸರಿಯಾಗಿ ಕೇಳುವುದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವನ ಅಡ್ಡಹೆಸರು ‘ಕಿವಿ’. ಬೇರೆಯವರು ಮೀಟರು ತೆಗೆಯುವ ಹೊತ್ತಿಗೆ ಇವನು ಲೈನಿಗೆ ಕಿವಿಕೊಟ್ಟು, ಇದು ನೀರು, ಇದು ತುಕ್ಕು, ಇದು ಇಲಿ ಎಂದು ಹೇಳಿಬಿಡುತ್ತಿದ್ದ. ಮೀಟರು ಒಮ್ಮೊಮ್ಮೆ ಬೇರೆಯದನ್ನೇ ಹೇಳುತ್ತಿತ್ತು. ಆಗ ಮೀಟರಿನ ಬ್ಯಾಟರಿ ಹಳತಾಗಿದೆ ಎನ್ನುತ್ತಿದ್ದ.

ಇಂದು ಅವನ ಕಿವಿಗೆ ಬಿದ್ದದ್ದು ಕೆಟ್ಟ ಜೋಡಣೆ. ಬಿಚ್ಚಿ ನೋಡಿದರೆ ತಾಮ್ರ ಹಸಿರುಗಟ್ಟಿತ್ತು, ಇರುವೆಗಳು ಒಳಗೇ ಸಂಸಾರ ಹೂಡಿದ್ದವು. ಊದಿ, ಕತ್ತರಿಸಿ, ಹೊಳೆಯುವ ತಾಮ್ರ ಕಂಡ ಮೇಲೆ ಹೊಸದಾಗಿ ಜೋಡಿಸಿದ. ಮತ್ತೆ ಕಿವಿಗೊಟ್ಟ. ಬೆಕ್ಕು ಹೋಗಿತ್ತು. ಬೆಳಗಿನ ಜಾವದ ಕೆರೆಯಂಥ ಮೌನ.

ಆ ಲೈನು ಅವನ ಅತ್ತಿಗೆಯ ಮನೆಯದು. ಊರಿನ ಕೊನೆಯ ಬೀದಿಯ ಕೊನೆಯ ಮನೆ. ಅದರಾಚೆ ಇಟ್ಟಿಗೆ ಗೂಡು ಬಿಟ್ಟರೆ ಏನೂ ಇಲ್ಲ. ಅತ್ತಿಗೆ ತೊದಲುವ ಮಕ್ಕಳಿಗೆ ಮಾತು ಕಲಿಸುತ್ತಿದ್ದಳು, ಕಂಪ್ಯೂಟರಿನ ಮುಂದೆ ಕುಳಿತು, ದೂರದೂರದ ಮಕ್ಕಳಿಗೆ. ಅವರಲ್ಲಿ ನಾಲ್ಕು ಗಂಟೆಗೆ ಬರುವ ಹುಡುಗಿಯೊಬ್ಬಳಿದ್ದಳು. ಒಂದೊಂದು ಮಾತನ್ನೂ ಅವಳು ಬಾವಿಯಿಂದ ಕೊಡ ಎಳೆದಂತೆ ಎಳೆಯುತ್ತಿದ್ದಳು. ಕೊಡ ಕಟ್ಟೆಗೆ ಬರುವುದಕ್ಕೂ ಲೈನು ಕಡಿಯುವುದಕ್ಕೂ ಸರಿಯಾಗುತ್ತಿತ್ತು. ‘ಏನಮ್ಮಾ, ಇನ್ನೊಂದ್ಸಲ ಹೇಳು’ ಎಂದು ಅತ್ತಿಗೆ ಕೇಳಬೇಕಾಗುತ್ತಿತ್ತು. ತೊದಲುವ ಮಗುವಿಗೆ ‘ಇನ್ನೊಂದ್ಸಲ’ ಎನ್ನುವುದೆಂದರೆ ಹಗ್ಗವನ್ನೇ ಬಿಟ್ಟಂತೆ. ಟೀಚರಿಗೆ ನನ್ನ ಮಾತು ಕೇಳಿ ಸಾಕಾಗಿದೆ, ಅದಕ್ಕೇ ಕಂಪ್ಯೂಟರನ್ನೇ ಆರಿಸಿಬಿಡುತ್ತಾರೆ ಎಂದು ಹುಡುಗಿ ನಂಬಿದ್ದಳಂತೆ. ಇವತ್ತೂ ಹಾಗಾದರೆ ನಾಳೆಯಿಂದ ಕೂರುವುದಿಲ್ಲ ಎಂದು ತಾಯಿಯ ಕೈಲಿ ಹೇಳಿಸಿದ್ದಳು.

ಇದನ್ನು ಸರಿಪಡಿಸಲು ಕಿವಿ ಹಲವು ಸಲ ಬಂದು ಹೋಗಿದ್ದ. ಆದರೆ ಬರುತ್ತಿದ್ದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಆ ಹೊತ್ತಿನಲ್ಲಿ ಲೈನು ಹಸುವಿನಷ್ಟು ಸಾಧುವಾಗಿರುತ್ತಿತ್ತು. ಪ್ರತಿ ಸಲವೂ ಉಂಡು, ಏನೂ ತೊಂದರೆ ಇಲ್ಲ ಎಂದು ಹೇಳಿ ಹೋಗುತ್ತಿದ್ದ. ರಿಪೇರಿಯಾಗಿದ್ದು ಮೈದುನನ ಹೊಟ್ಟೆ ಮಾತ್ರ ಎಂದು ಅತ್ತಿಗೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಏಣಿ ಇಳಿದು ಬಂದವನನ್ನು ಅವಳು ಬಾಗಿಲಲ್ಲೇ ತಡೆದಳು. ಎಕ್ಸ್‌ಚೇಂಜಿಗೆ ಅಂಟಿಕೊಂಡಿರುವ ಕ್ಷೌರದಂಗಡಿಯವನಿಗೆ ಸಿನಿಮಾ ನೀರಿನಂತೆ ಹರಿಯುತ್ತದಂತೆ. ನಮಗೆ ಮಾತ್ರ ಈ ತೊಟ್ಟು ತೊಟ್ಟು ಯಾಕೆ ಎಂದಳು.

‘ದೂರದಲ್ಲಿ ಮೆರವಣಿಗೆ ಹೋಗ್ತಿದ್ರೆ ನಿಮಗೆ ಏನು ಕೇಳ್ಸುತ್ತೆ ಅತ್ತಿಗೆ? ಡೋಲು. ಗೆಜ್ಜೆ ಕೇಳ್ಸಲ್ಲ. ಇದೂ ಹಾಗೇನೇ. ಮಾತು ದಪ್ಪ ಸ್ವರ, ಎಷ್ಟು ದೂರ ಬೇಕಾದ್ರೂ ಬರುತ್ತೆ. ಇಂಟರ್ನೆಟ್ಟು ಅದರ ಮೇಲೆ ಸಣ್ಣ ಸಣ್ಣ ಸ್ವರದಲ್ಲಿ ಬರೋದು. ತಂತಿ ಉದ್ದ ಆದಷ್ಟೂ ಆ ಗೆಜ್ಜೆಗಳೇ ಮೊದಲು ಸಾಯ್ತವೆ. ಕ್ಷೌರದವನ ಅಂಗಡಿಗೆ ಎಲ್ಲಾ ಗೆಜ್ಜೆನೂ ಬರುತ್ತೆ, ನಿಮಗೆ ಉಳಿದಷ್ಟು.’

‘ಹಾಗಾದ್ರೆ ನಿಮ್ಮ ಎಕ್ಸ್‌ಚೇಂಜನ್ನ ಇಲ್ಲಿಗೇ ಎತ್ಕೊಂಡು ಬಾ.’

‘ಬೆನ್ನು ನೋವಿದೆ.’

ಅತ್ತಿಗೆ ನಗಲಿಲ್ಲ. ‘ನನಗೆ ಓಡೋದು ಬೇಡಪ್ಪ. ನಿಲ್ಲದೆ ನಡೆದ್ರೆ ಸಾಕು. ಆ ಮಗು ಒಂದು ಮಾತು ಪೂರ್ತಿ ಹೇಳಿ ಮುಗಿಸ್ಲಿ.’

ಇರುವೆಗಳನ್ನು ಓಡಿಸಿಯಾಗಿದೆ, ಇನ್ನು ಭಯವಿಲ್ಲ ಎಂದು ಅವನು ಧೈರ್ಯ ಹೇಳಿದ. ಲೈನಿನಲ್ಲಿ ಗದ್ದಲವಿದ್ದಾಗ ಮೋಡೆಮು ತಡವರಿಸುತ್ತದೆ, ಸೋತರೆ ಕೈಬಿಟ್ಟು ಮತ್ತೆ ಮೊದಲಿನಿಂದ ಹಿಡಿಯುತ್ತದೆ. ಈಗ ಗದ್ದಲವೇ ಇಲ್ಲವಲ್ಲ. ಮೋಡೆಮಿನ ಹಸಿರು ದೀಪ ಕೂಡ ಅಲುಗದೆ ಉರಿಯುತ್ತಿತ್ತು.

ನಾಲ್ಕಾಯಿತು. ಅತ್ತಿಗೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡಳು. ಕಿವಿ ನಡುಮನೆಯಲ್ಲಿ ಮೋಡೆಮನ್ನು ಕಾಯುತ್ತ ಕುಳಿತ. ಒಳಗೆ ಹುಡುಗಿಯ ದನಿ ಮೊದಲಾಯಿತು: ‘ಪ... ಪ...’

ದೀಪ ಮಿಣಮಿಣ ಎಂದಿತು. ಆರಿತು.

ಕಿವಿ ತಟ್ಟನೆ ಎದ್ದ. ಹೊರಗೋಡಿ ಗೋಡೆಯ ಪೆಟ್ಟಿಗೆಗೆ ರಿಸೀವರು ಸಿಕ್ಕಿಸಿದ. ಲೈನಿನಲ್ಲಿ ಯಾರೋ ಮಾತಾಡುತ್ತಿದ್ದರು. ಮಾತು ಕಿವಿಗೆ ಬಿದ್ದರೆ ತಕ್ಷಣ ಕ್ಲಿಪ್ಪು ತೆಗೆಯಬೇಕು, ಅದು ಲೈನ್‌ಮನ್ನರ ಧರ್ಮ. ತೆಗೆಯುವಷ್ಟರಲ್ಲಿ ಒಂದು ವಾಕ್ಯ ಒಳಗೆ ಇಳಿದೇಬಿಟ್ಟಿತು: ‘...ನಮ್ಮ ಸೊಸೆ ಕೈಗೆ ಉಪ್ಪು ಕೊಟ್ರೆ ಸಮುದ್ರಾನೇ ಮಾಡಿಡ್ತಾಳೆ ಕಣೇ...’

ದನಿ ಅವನ ಹೆತ್ತ ತಾಯಿಯದು.

ಅದೇ ಮನೆಯ ಹಿಂದಿನ ಕೋಣೆಯಲ್ಲಿ ಅಮ್ಮ ಮಂಚದ ಮೇಲೆ ಕಾಲು ಚಾಚಿ, ಫೋನು ಹಿಡಿದು, ತಂಗಿಯೊಡನೆ ಲೋಕಾಭಿರಾಮದಲ್ಲಿದ್ದಳು. ಮಧ್ಯಾಹ್ನವೆಲ್ಲ ಮಲಗಿ, ಸೊಸೆ ಪಾಠಕ್ಕೆ ಕೂತು ಬಾಗಿಲು ಹಾಕಿದ್ದೇ ಇವಳ ಮಾತಿಗೆ ಮುಹೂರ್ತ. ಈ ಫೋನಿಗೂ ಗೋಡೆಯ ಸಾಕೆಟ್ಟಿಗೂ ನಡುವೆ ಅವನೇ ಫಿಲ್ಟರು ಹಾಕಿದ್ದ. ಅದು ಇದೆಯೇ ಎಂದು ಬಂದಾಗಲೆಲ್ಲ ಕೇಳುತ್ತಿದ್ದ. ನೀನು ಹಾಕಿದ ಹಾಗೇ ಇದೆ ಎನ್ನುತ್ತಿದ್ದಳು. ಊರಿನ ಯಾರ ಮಾತನ್ನೂ ನಂಬದೆ ಸಾಕೆಟ್ಟು ನೋಡಿಯೇ ತೀರುವವನು, ತಾಯಿಯ ಮಾತು ನಂಬಿ ಮಂಚ ಸರಿಸಿರಲಿಲ್ಲ.

ಈಗ ಸರಿಸಿದ. ಫೋನಿನ ವಯರು ನೇರವಾಗಿ ಗೋಡೆಗೆ ಹೋಗಿತ್ತು.

‘ಫಿಲ್ಟರ್ ಎಲ್ಲಮ್ಮಾ?’

ಅಮ್ಮ ರಿಸೀವರಿಗೆ ಕೈ ಮುಚ್ಚಿ ದಿಂಬಿನತ್ತ ಕಣ್ಣು ಮಾಡಿದಳು. ದಿಂಬಿನ ಚೀಲದೊಳಗೆ, ಹಳೆಯ ಬಟ್ಟೆಯಲ್ಲಿ ಸುತ್ತಿ, ದಾರ ಬಿಗಿದ ಪುಟ್ಟ ಬಿಳಿ ಡಬ್ಬಿ.

‘ಅದು ಚಾಡಿ ಡಬ್ಬಿ ಕಣೋ. ನನ್ನ ಮಾತನ್ನ ನಿನ್ನ ಅತ್ತಿಗೆ ಕಂಪ್ಯೂಟರಿಗೆ ಒಯ್ದು ಹಾಕುತ್ತೆ. ಅದಕ್ಕೇ ಬಾಯಿ ಕಟ್ಟಿಟ್ಟಿದೀನಿ.’

‘ಅದು ಮಾತನ್ನ ಒಯ್ಯಲ್ಲಮ್ಮ, ನಿನ್ನ ಫೋನಿಗೆ ಮಾತು ಮಾತ್ರ ಬಿಡುತ್ತೆ. ಅದಿಲ್ದೆ ನೀನು ಫೋನ್ ಎತ್ತಿದ ಕೂಡ್ಲೇ ಆ ಸಣ್ಣ ಸ್ವರಕ್ಕೆಲ್ಲ ನಿನ್ನ ಫೋನೇ ಅಡ್ಡ ಮಲಗುತ್ತೆ. ಮೊದಲೇ ಅಷ್ಟು ದೂರದಿಂದ ಸೋತು ಬಂದಿರುತ್ತೆ. ಇಲ್ಲಿ ಬಂದು ಎಡವಿ ಬೀಳುತ್ತೆ. ಒಳಗೆ ಆ ಮಗು ಮಾತೂ ಬೀಳುತ್ತೆ.’

ಅಮ್ಮ ಪಾಠದ ಕೋಣೆಯ ಕಡೆ ತಿರುಗಿ ನೋಡಿದಳು. ಮಗುವಿನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ತಂಗಿಗೆ, ಇಡು, ಮತ್ತೆ ಮಾಡ್ತೀನಿ, ಮನೆಗೆ ಕಳ್ಳ ಬಂದಿದಾನೆ ಎಂದು ಹೇಳಿ ಇಟ್ಟಳು. ಕಿವಿ ದಾರ ಬಿಚ್ಚಿ, ಡಬ್ಬಿಯನ್ನು ಗೋಡೆಗೆ ಸಿಕ್ಕಿಸಿ, ಫೋನನ್ನು ಅದಕ್ಕೆ ಸಿಕ್ಕಿಸಿದ. ನಡುಮನೆಗೆ ಹೋಗಿ ನೋಡಿದ. ದೀಪ ತಡಕಾಡಿ, ಮಿಣುಕಿ, ನಿಂತಿತು. ಬಾಗಿಲ ಸಂದಿಯಲ್ಲಿ ಅತ್ತಿಗೆಯ ಬೆನ್ನು ಕಂಡಿತು. ಹುಡುಗಿ ಇನ್ನೂ ಎದ್ದು ಹೋಗಿರಲಿಲ್ಲ. ತಪ್ಪು ನಮ್ಮ ಲೈನಿನದು ಕಂದಾ, ನಿಂದಲ್ಲ ಎಂದು ಅತ್ತಿಗೆ ಮೆಲ್ಲಗೆ ಹೇಳುತ್ತಿದ್ದಳು.

ಅವನು ಹಿಂದಿನ ಕೋಣೆಗೆ ಮರಳಿ, ಈಗ ಮಾಡು ಎಂದ. ಅಮ್ಮ ನಂಬರು ಒತ್ತಿದಳು. ಅವನು ಬಾಗಿಲಲ್ಲಿ ನಿಂತು, ಒಂದು ಕಣ್ಣು ತಾಯಿಯ ಮೇಲೆ, ಒಂದು ಕಣ್ಣು ದೀಪದ ಮೇಲೆ ಇಟ್ಟ. ದೀಪ ಅಲುಗಲಿಲ್ಲ.

ಅಮ್ಮನ ಹುಬ್ಬು ಮೇಲೇರಿತು. ‘ಸದ್ದೇ ಇಲ್ವಲ್ಲೋ. ಇಷ್ಟು ದಿನ ಸುಂಯ್ ಅಂತಿತ್ತು. ನಿನ್ನ ಚಿಕ್ಕಮ್ಮ ಯಾವಾಗ್ಲೂ ಎಣ್ಣೇಲಿ ಏನೋ ಕರೀತಾ ಇರ್ತಾಳೆ, ನನಗೆ ಮಾತ್ರ ಹೇಳಲ್ಲ ಅಂತ ಬೇಜಾರು ಮಾಡ್ಕೊಂಡಿದ್ದೆ.’

‘ಅದು ಎಣ್ಣೆ ಅಲ್ಲಮ್ಮ, ಇಂಟರ್ನೆಟ್ಟು. ಈಗ ಡಬ್ಬಿ ತಡೀತಿದೆ.’

‘ಹೌದಾ? ಪಾಪ, ಎಷ್ಟು ಬೈದಿದೀನಿ ಅವಳನ್ನ.’ ಮತ್ತೆ ದನಿ ತಗ್ಗಿಸಿ ಕೇಳಿದಳು: ‘ಅದಿರ್ಲಿ, ಆಗ ಹೊರಗೆ ನಿಂತು ಏನೇನು ಕೇಳಿಸ್ಕೊಂಡೆ?’

ಲೈನ್‌ಮನ್ನರಿಗೆ ಮಾತು ಕೇಳಿಸುವುದಿಲ್ಲ, ಗದ್ದಲ ಮಾತ್ರ ಕೇಳಿಸುತ್ತದೆ ಎಂದ ಅವನು.

‘ಸುಳ್ಳು ಹೇಳ್ಬೇಡ. ಉಪ್ಪಿನ ವಿಷಯ ಕೇಳ್ಸಿತಾ? ನಿನ್ನ ಅತ್ತಿಗೆಗೆ ಹೇಳಿದ್ರೆ ನೋಡು, ನಾನು ಅಂದಿದ್ದು ಸೊಸೆ ಅಂತ ಅಷ್ಟೇ, ಯಾವ ಮನೆ ಸೊಸೆ ಅಂತ ಹೇಳಿಲ್ಲ, ಹಾಗೆ ನೋಡಿದ್ರೆ...’

ಆ ಕಡೆಯ ಕೋಣೆಯಿಂದ ದನಿ ಬಂತು. ‘ಪ... ಪ... ಪಾ...’ ಹಗ್ಗ ಬಿಗಿಯಿತು, ಕೊಡ ಮೇಲೇರುತ್ತಿತ್ತು. ಕಿವಿ ಕಣ್ಣು ಮುಚ್ಚಿದ. ‘ಪಾತ... ಪಾತರಗಿತ್ತಿ.’

ಅತ್ತಿಗೆ ಇನ್ನೊಂದ್ಸಲ ಎನ್ನಲಿಲ್ಲ.

‘...ಹಾಗೆ ನೋಡಿದ್ರೆ ಅವಳ ಸಾರು ಒಂದೊಂದು ದಿನ ಚೆನ್ನಾಗೇ ಇರುತ್ತೆ, ಕೇಳಿಸ್ಕೊಳ್ತಿದೀಯೇನೋ?’ ಎಂದು ಅಮ್ಮ ಹೇಳುತ್ತಲೇ ಇದ್ದಳು. ಅವನು ಆಗಲೇ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸದ್ದಾಗದಂತೆ ನಡುಮನೆ ದಾಟಿ, ಹುಡುಗಿಯ ಮುಂದಿನ ಮಾತಿಗೆ ಕಿವಿ ಕೊಡುತ್ತ ಪಾಠದ ಕೋಣೆಯ ಬಾಗಿಲಿನ ಕಡೆಗೆ ನಡೆದಿದ್ದ.